ಹೊಲಿಗೆ ಬಿಚ್ಚುವ ದಿನಕ್ಕೆ ಮುಗಿಯುವ ವಿಮೆ

ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳ ದೊಡ್ಡ ಕಾಯಿಲೆಗಳೆಲ್ಲ ಒಂದೋ ಶಿವಮೊಗ್ಗಕ್ಕೆ ಹೋಗುತ್ತವೆ, ಇಲ್ಲವೇ ಘಟ್ಟ ಇಳಿಯುತ್ತವೆ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಿದರೆ, ಹೊಸನಗರದವರಿಗೆ ನಗರ, ಹುಲಿಕಲ್ ಮೇಲಿನ ದಾರಿ. ಸಾಗರದವರಿಗೆ ಮೆಗ್ಗಾನ್ ಆಸ್ಪತ್ರೆಯೋ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೋ ಹತ್ತಿರ. ಲಕ್ವ ಹೊಡೆದವರನ್ನು, ಅಡಿಕೆ ಮರದಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವರನ್ನು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯನ್ನು ಹೀಗೆ ಕರೆದೊಯ್ಯುವಾಗ ಮನೆಯವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಕಾರ್ಡ್ ಇರುತ್ತದೆ. ಆ ಕಾರ್ಡ್ ಬಹುಪಾಲು ಕೆಲಸ ಮಾಡುತ್ತದೆ. ಆಪರೇಷನ್ ಆಗುತ್ತದೆ, ಐಸಿಯು ಬಿಲ್ ತುಂಬುತ್ತದೆ, ರಾಡು ಪ್ಲೇಟುಗಳ ಖರ್ಚೂ ಅದರಲ್ಲೇ ಸೇರಿ ಹೋಗುತ್ತದೆ.

ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲಿನದು ಬೇರೆಯೇ ಕಥೆ. ಬಿದ್ದುಹೋದ ಕೈಕಾಲು ಮತ್ತೆ ಮನೆಯವರ ಹಿಡಿತವಿಲ್ಲದೆ ಆಡುವಂತಾಗಲು ವಾರಗಳಲ್ಲ, ತಿಂಗಳುಗಳು ಬೇಕು. ಅಷ್ಟು ದಿನ ಫಿಸಿಯೋಥೆರಪಿಸ್ಟ್ ಬರಬೇಕು, ಅಥವಾ ರೋಗಿ ಅವರಲ್ಲಿಗೆ ಹೋಗಬೇಕು. ಆ ಖರ್ಚಿಗೆ ಅದೇ ಕಾರ್ಡ್ ಆಗುತ್ತದೆಯೇ? ಚಿಕ್ಕ ಉತ್ತರ: ಕೆಲವು ದಿನ ಆಗುತ್ತದೆ, ಆಮೇಲೆ ಇಲ್ಲ. ಎಷ್ಟು ದಿನ ಎಂಬುದನ್ನು ವಿಮೆ ತೀರ್ಮಾನಿಸಿದೆ, ಎಷ್ಟು ದಿನ ಬೇಕು ಎಂಬುದನ್ನು ಮಿದುಳು ಮತ್ತು ಮೂಳೆ ತೀರ್ಮಾನಿಸುತ್ತವೆ. ಈ ಎರಡು ಲೆಕ್ಕಗಳು ಎಲ್ಲೂ ಕೂಡುವುದಿಲ್ಲ.

ಮೊದಲು ಮಿದುಳಿನ ಲೆಕ್ಕ. ಸ್ಟ್ರೋಕ್‌ನಲ್ಲಿ ರಕ್ತ ಸಿಗದೆ ಸತ್ತ ಭಾಗ ಮತ್ತೆ ಬದುಕುವುದಿಲ್ಲ. ಅದರ ಸುತ್ತ ಊದಿಕೊಂಡು ಸ್ತಬ್ಧವಾಗಿದ್ದ ಭಾಗ ಮೊದಲ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಮಾಡಿಸಿದ ಚಲನೆಯಿಂದ ಉಳಿದ ಭಾಗಗಳು ಹೋದ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತವೆ. ಈ ಕಲಿಕೆ ಅತಿ ಚುರುಕಾಗಿರುವುದು ಮೊದಲ ಮೂರು ತಿಂಗಳು. ಆರು ತಿಂಗಳವರೆಗೂ ಗಣನೀಯವಾಗಿ ನಡೆಯುತ್ತದೆ, ನಂತರ ನಿಧಾನವಾಗುತ್ತದೆ, ಆದರೆ ನಿಂತುಹೋಗುವುದಿಲ್ಲ. ಸಾಮಾನ್ಯವಾಗಿ ಕಾಲು ಮೊದಲು, ಕೈ ಆಮೇಲೆ. ಮೊದಲ ಕೆಲವು ದಿನಗಳಲ್ಲೇ ರೋಗಿ ಬೆರಳುಗಳನ್ನು ತುಸುವಾದರೂ ಬಿಡಿಸಿ ತೋರಿಸಿದರೆ, ಭುಜವನ್ನು ಪಕ್ಕಕ್ಕೆ ಎತ್ತಿದರೆ ಕೈ ಉಪಯೋಗಕ್ಕೆ ಬರುವ ಸಂಭವ ಚೆನ್ನಾಗಿದೆ ಎಂದು ಫಿಸಿಯೋಥೆರಪಿಸ್ಟ್‌ಗಳು ಹೇಳುವುದು ಅನುಭವದ ಮಾತಷ್ಟೇ ಅಲ್ಲ, ಅಧ್ಯಯನಗಳಲ್ಲೂ ಕಂಡದ್ದು.

ಹಾಗೆಂದು ಆತುರ ಮಾಡಿದರೆ ಲಾಭವೂ ಇಲ್ಲ. ಸ್ಟ್ರೋಕ್ ಆದ ಇಪ್ಪತ್ತನಾಲ್ಕು ಗಂಟೆಯೊಳಗೇ ರೋಗಿಯನ್ನು ಹೆಚ್ಚು ಹೊತ್ತು ಎಬ್ಬಿಸಿ ನಡೆಸಿದರೆ ಏನಾಗುತ್ತದೆಂದು ಅವರ್ಟ್ ಎಂಬ ದೊಡ್ಡ ಪ್ರಯೋಗ ಪರೀಕ್ಷಿಸಿತ್ತು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ, ಹಾಗೆ ಮಾಡಿದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ ಕಡಿಮೆಯೇ ಆಗಿತ್ತು. ಅಂದರೆ ಆಸ್ಪತ್ರೆಯ ಎಂಟು ಹತ್ತು ದಿನದಲ್ಲೇ ಎಲ್ಲವನ್ನೂ ಮಾಡಿ ಮುಗಿಸಿಬಿಡುವಂತಿಲ್ಲ. ಇಲ್ಲಿ ನಿಜವಾದ ಕೆಲಸ ಶುರುವಾಗುವುದೇ ಹಾಸಿಗೆ ಬಿಟ್ಟ ಮೇಲೆ.

ಆ ಕೆಲಸ ಹೊರಗಿನಿಂದ ನೋಡಲು ಬೇಸರ ಹುಟ್ಟಿಸುವಷ್ಟು ಸರಳ. ಕುರ್ಚಿಯಿಂದ ಎದ್ದು ನಿಲ್ಲುವುದು, ಮತ್ತೆ ಕೂರುವುದು. ಬಿದ್ದ ಕಾಲಿನ ಮೇಲೆ ಭಾರ ಹಾಕುವುದು. ಲೋಟವನ್ನು ಹಿಡಿದು ಬಾಯಿಯವರೆಗೆ ತರುವುದು. ಅಂಗಳದಿಂದ ಜಗಲಿಗೆ ಹತ್ತುವುದು. ಇದನ್ನೇ ದಿನಕ್ಕೆ ಹತ್ತಾರು ಸಲ, ಸರಿಯಾದ ರೀತಿಯಲ್ಲಿ. ಕಷ್ಟವಿರುವುದು ಆ ‘ಸರಿಯಾದ ರೀತಿ’ಯಲ್ಲೇ. ಎಣ್ಣೆ ಹಚ್ಚಿ ನೀವಿದರೆ ಹಿತವಾಗುತ್ತದೆ, ಚರ್ಮಕ್ಕೂ ಒಳ್ಳೆಯದು. ಆದರೆ ರೋಗಿ ಸುಮ್ಮನೆ ಮಲಗಿ ಬೇರೆಯವರು ಕೈ ನೀವುತ್ತಿದ್ದರೆ ಮಿದುಳು ಏನನ್ನೂ ಕಲಿಯುವುದಿಲ್ಲ.

ಮನೆಗಳಲ್ಲಿ ಅತಿ ಸಾಮಾನ್ಯವಾಗಿ ಕೆಡುವುದು ಭುಜ. ಭುಜದ ಕೀಲನ್ನು ಹಿಡಿದಿಡುವುದು ಮುಖ್ಯವಾಗಿ ಸ್ನಾಯುಗಳು. ಅವು ಸೋತಾಗ ತೋಳಿನ ಭಾರಕ್ಕೇ ಕೀಲು ಕೆಳಗೆ ಜಗ್ಗುತ್ತದೆ. ಇಂಥ ಹೊತ್ತಿನಲ್ಲಿ ಮಂಚದಿಂದ ಎಬ್ಬಿಸಲೆಂದು ಮಗನೋ ಸೊಸೆಯೋ ಬಿದ್ದ ಕೈಯನ್ನೇ ಹಿಡಿದು ಎಳೆಯುತ್ತಾರೆ. ಕೆಲವು ದಿನಗಳಲ್ಲಿ ಭುಜದ ತುದಿಮೂಳೆಯ ಕೆಳಗೆ ಒಂದು ಬೆರಳು ಹಿಡಿಸುವಷ್ಟು ತಗ್ಗು ಕಾಣಿಸುತ್ತದೆ, ಕೈ ಮುಟ್ಟಿದರೆ ಸಾಕು ರೋಗಿ ಚೀರುತ್ತಾರೆ. ನೋವಿಗೆ ಹೆದರಿ ವ್ಯಾಯಾಮ ನಿಲ್ಲುತ್ತದೆ, ಕೈ ಮಡಚಿಕೊಂಡು ಬಿಗಿಯುತ್ತದೆ. ಕೂತಾಗ ತೋಳಿನ ಕೆಳಗೆ ದಿಂಬು ಇಡಬೇಕು, ಎಬ್ಬಿಸುವಾಗ ಸೊಂಟಕ್ಕೆ ಕಟ್ಟಿದ ಬೆಲ್ಟನ್ನೋ ದಪ್ಪ ಪಂಚೆಯನ್ನೋ ಹಿಡಿಯಬೇಕು ಎಂಬುದನ್ನು ಮೊದಲ ವಾರದಲ್ಲೇ ಯಾರಾದರೂ ಮನೆಗೆ ಬಂದು ತೋರಿಸಿದ್ದರೆ ಇದು ತಪ್ಪುತ್ತಿತ್ತು. ನೀರು ಕುಡಿಯುವಾಗ ಕೆಮ್ಮುವುದು, ನಡೆಯುವಾಗ ಹೆಬ್ಬೆರಳು ನೆಲಕ್ಕೆ ಉಜ್ಜುವುದು, ಸೊಂಟದ ಹಿಂದೆ ಕೆಂಪಗಾಗುವುದು, ಇವೂ ಹಾಗೆಯೇ: ನೋಡುವ ಕಣ್ಣಿದ್ದರೆ ಬೇಗ ಸಿಕ್ಕಿಬೀಳುತ್ತವೆ.

ಇನ್ನು ಕಾರ್ಡಿನ ಲೆಕ್ಕ. ಬಿಪಿಎಲ್ ಕುಟುಂಬಗಳ ಮಟ್ಟಿಗೆ ಕರ್ನಾಟಕದಲ್ಲಿ ಮುಖ್ಯವಾದದ್ದು 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುವ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದರ ಮಿತಿ ವರ್ಷಕ್ಕೆ ಒಂದೂವರೆ ಲಕ್ಷ. ಕೇಂದ್ರದ ಯೋಜನೆಯ ನಿಯಮದಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನಗಳ ಔಷಧಿ, ತಪಾಸಣೆಗಳು ಪ್ಯಾಕೇಜಿನೊಳಗೇ ಸೇರಿವೆ. ಹೊರರೋಗಿ ಚಿಕಿತ್ಸೆ ಸೇರಿಲ್ಲ. ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಈ 15 ದಿನದ ಸವಲತ್ತು ರೋಗಿಯ ಕೈಗೆ ಬರುವ ಹಣವಲ್ಲ. ಆಸ್ಪತ್ರೆಗೆ ಸಂದಾಯವಾಗುವ ಒಟ್ಟು ಮೊತ್ತದ ಭಾಗ. ಹಾಗಾಗಿ ಅದು ರೋಗಿಗೆ ಕಾಣಿಸುವುದು ಹೆಚ್ಚೆಂದರೆ ಡಿಸ್ಚಾರ್ಜ್ ದಿನ ಸಿಗುವ ಮಾತ್ರೆಯ ಚೀಲದ ರೂಪದಲ್ಲಿ. ಮಣಿಪಾಲದಲ್ಲೋ ಶಿವಮೊಗ್ಗದಲ್ಲೋ ಇರುವ ಆಸ್ಪತ್ರೆ ಹೊಸನಗರದ ಹಳ್ಳಿಗೆ ಫಿಸಿಯೋಥೆರಪಿಸ್ಟ್‌ನನ್ನು ಕಳಿಸಿಕೊಡುವುದಿಲ್ಲ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಯೋಜನೆ. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ ಕಟ್ಟಿಸಿಕೊಂಡು 5 ಲಕ್ಷದವರೆಗಿನ ಚಿಕಿತ್ಸೆ ಕೊಡುವ ಮಾತು. ಅಡಿಕೆ ಬೆಳೆಗಾರರಲ್ಲಿ ಬಿಪಿಎಲ್ ಕಾರ್ಡ್ ಇಲ್ಲದವರು ನೆಚ್ಚಿಕೊಂಡಿರುವುದು ಇದನ್ನೇ. ಆದರೆ ಇದೂ ಒಳರೋಗಿಯಾಗಿ ಪಡೆಯುವ, ಪಟ್ಟಿಯಲ್ಲಿ ಹೆಸರಿರುವ ಚಿಕಿತ್ಸೆಗಳ ಸುತ್ತ ಕಟ್ಟಿದ ಯೋಜನೆ. ಊರಿಗೆ ಮರಳಿದವರ ಆರು ತಿಂಗಳ ವ್ಯಾಯಾಮ ಅದರ ಕಲ್ಪನೆಯಲ್ಲೇ ಇಲ್ಲ.

ಖಾಸಗಿ ಅಥವಾ ಸರ್ಕಾರಿ ವಿಮಾ ಕಂಪನಿಯಿಂದ ಪಾಲಿಸಿ ಕೊಂಡವರ ಸ್ಥಿತಿ ತುಸು ಉತ್ತಮ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು ವಿಮಾ ಪ್ರಾಧಿಕಾರ 2020ರ ಏಪ್ರಿಲ್‌ನಿಂದ ಜಾರಿಗೆ ತಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನೇ ಮಾದರಿಯಾಗಿ ನೋಡಬಹುದು. ಅದರಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ವೈದ್ಯಕೀಯ ಖರ್ಚು ಸಿಗುತ್ತದೆ. ಎರಡು ಷರತ್ತುಗಳಿವೆ: ಯಾವ ಕಾಯಿಲೆಗೆ ದಾಖಲಾಗಿದ್ದರೋ ಅದೇ ಕಾಯಿಲೆಯ ಖರ್ಚಾಗಿರಬೇಕು, ಮತ್ತು ಆ ದಾಖಲಾತಿಯ ಕ್ಲೇಮು ಒಪ್ಪಿಗೆಯಾಗಿರಬೇಕು. ವೈದ್ಯರು ಬರೆದುಕೊಟ್ಟ ಫಿಸಿಯೋಥೆರಪಿ ಈ ಕಿಂಡಿಯಿಂದಲೇ ಒಳಗೆ ಬರುವುದು.

ಒಂದು ಲೆಕ್ಕ ಹಾಕಿ ನೋಡೋಣ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಅರವತ್ತನಾಲ್ಕು ವರ್ಷದ ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಜೂನ್ 5ರಂದು ಎಡಭಾಗಕ್ಕೆ ಲಕ್ವ ಹೊಡೆದು ಆಸ್ಪತ್ರೆ ಸೇರುತ್ತಾರೆ, ಜೂನ್ 14ಕ್ಕೆ ಬಿಡುಗಡೆ. ಆಗ ಅವರು ಆಸರೆ ಕೊಟ್ಟರೆ ಕೂರಬಲ್ಲರು, ಇಬ್ಬರು ಹಿಡಿದರೆ ನಿಲ್ಲಬಲ್ಲರು. ಅವರದು ಬಿಪಿಎಲ್ ಕಾರ್ಡ್ ಆಗಿದ್ದರೆ 15 ದಿನದ ಗಡಿ ಜೂನ್ 29ಕ್ಕೆ ಮುಗಿಯುತ್ತದೆ. ಸ್ಟ್ರೋಕ್ ಆಗಿ ಮೂರೂವರೆ ವಾರ. ಮಿದುಳು ಇನ್ನೂ ಅತಿ ಚುರುಕಾಗಿ ಕಲಿಯುತ್ತಿರುವ ಹೊತ್ತು.

ಆರೋಗ್ಯ ಸಂಜೀವನಿ ಇದ್ದರೆ ಗಡಿ ಆಗಸ್ಟ್ 13. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಸಲಕ್ಕೆ 500 ರೂಪಾಯಿ ತೆಗೆದುಕೊಳ್ಳುತ್ತಾರೆಂದು ಲೆಕ್ಕಕ್ಕೆ ಹಿಡಿಯೋಣ. ವಾರಕ್ಕೆ ಮೂರು ಸಲದಂತೆ ಎಂಟು ವಾರಕ್ಕೆ 24 ಸಲ, 12,000 ರೂಪಾಯಿ. ಈ ಪಾಲಿಸಿಯಲ್ಲಿ ಪ್ರತಿ ಕ್ಲೇಮಿನಲ್ಲೂ ಶೇ 5ರಷ್ಟನ್ನು ಪಾಲಿಸಿದಾರರೇ ಹೊರಬೇಕಾದ್ದರಿಂದ 600 ಕಳೆದು 11,400 ಬರಬೇಕು. ಬಿಡುಗಡೆಯ ನಂತರದ ಈ ಬಿಲ್ಲುಗಳನ್ನು ಚಿಕಿತ್ಸೆ ಮುಗಿದ 15 ದಿನದೊಳಗೆ ಕೊಡಬೇಕೆಂಬುದು ನಿಯಮ. ಅಂದರೆ ಆಗಸ್ಟ್ 28ರ ಒಳಗೆ. ಆಮೇಲೆ ಆರು ತಿಂಗಳು ತುಂಬುವ ಡಿಸೆಂಬರ್ 5ರವರೆಗೆ ಇನ್ನೂ ಹದಿನಾರು ವಾರ ಉಳಿಯುತ್ತದೆ. ವಾರಕ್ಕೆ ಎರಡೇ ಸಲ ಎಂದರೂ 32 ಸಲ, 16,000 ರೂಪಾಯಿ, ಪೂರ್ತಿ ಕೈಯಿಂದ. ಲಕ್ಷಗಟ್ಟಲೆ ಬಿಲ್ಲನ್ನು ತುಂಬಿದ ವಿಮೆ ಇಷ್ಟು ಸಣ್ಣ ಮೊತ್ತದಲ್ಲಿ ಕೈಬಿಡುತ್ತದೆ ಎಂಬುದು ವಿಚಿತ್ರವಾಗಿ ಕಂಡರೆ ತಪ್ಪೇನಿಲ್ಲ.

ಆ 60 ದಿನವಾದರೂ ಪೂರ್ತಿ ಸಿಗುವುದೇ? ಸಿಗದೆ ಹೋಗುವ ದಾರಿಗಳು ಗೊತ್ತಿರುವಂಥವೇ. ಗಡಿಯಾರ ಓಡಲು ಶುರುವಾಗುವುದು ಡಿಸ್ಚಾರ್ಜ್ ದಿನದಿಂದ, ಮೊದಲ ಫಿಸಿಯೋ ದಿನದಿಂದಲ್ಲ. ಮಳೆ ಕಡಿಮೆಯಾಗಲಿ, ನಾಟಿ ವೈದ್ಯರ ಎಣ್ಣೆಯ ಪಥ್ಯ ಮುಗಿಯಲಿ ಎಂದು ಮೂರು ವಾರ ಕಾದರೆ ಅಷ್ಟೂ ದಿನ ಲೆಕ್ಕದಿಂದ ಹೋಯಿತು. ಎರಡನೆಯದು ಡಿಸ್ಚಾರ್ಜ್ ಸಮ್ಮರಿ. ಅದರ ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಎಂಬ ಒಂದು ಸಾಲು ಮಾತ್ರ ಇದ್ದರೆ ಕ್ಲೇಮು ಪರಿಶೀಲಿಸುವವರು ಪ್ರಶ್ನೆ ಎತ್ತುವುದು ಸಹಜ. ವಾರಕ್ಕೆ ಎಷ್ಟು ಸಲ, ಎಷ್ಟು ವಾರ, ಮನೆಯಲ್ಲೇ ಏಕೆ ಬೇಕು ಎಂಬುದನ್ನು ಆಸ್ಪತ್ರೆ ಬಿಡುವ ಮುನ್ನವೇ ವೈದ್ಯರಿಂದ ಬರೆಸಿಕೊಳ್ಳಬೇಕು. ಘಟ್ಟ ಹತ್ತಿ ಬಂದ ಮೇಲೆ ಒಂದು ಸಾಲು ಬರೆಸಲು ಮತ್ತೆ ಘಟ್ಟ ಇಳಿಯುವ ಕಷ್ಟ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಇನ್ನು ಬಿಲ್ಲು: ‘ಫಿಸಿಯೋ ಶುಲ್ಕ 12,000’ ಎಂದು ಒಂದೇ ಚೀಟಿ ಕೊಟ್ಟರೆ ಅದು ನಿಲ್ಲುವುದು ಕಷ್ಟ. ದಿನಾಂಕವಾರು ರಸೀದಿ, ಪ್ರತಿ ದಿನ ಏನು ಮಾಡಿಸಿದರು ಎಂಬ ಟಿಪ್ಪಣಿ, ಫಿಸಿಯೋಥೆರಪಿಸ್ಟ್‌ನ ವಿದ್ಯಾರ್ಹತೆ, ನೋಂದಣಿ ಸಂಖ್ಯೆ ಮತ್ತು ಸಹಿ ಇರಬೇಕು.

ಇಷ್ಟೆಲ್ಲ ಇದ್ದರೂ ಸಿಗದ ವಸ್ತುಗಳ ಪಟ್ಟಿಯೊಂದಿದೆ. ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸದ ಹೊರತು ಕೊಡಬೇಕಿಲ್ಲವೆಂದು ವಿಮಾ ಪ್ರಾಧಿಕಾರ ಗುರುತಿಸಿದ ಪಟ್ಟಿ ಅದು. ಅದರಲ್ಲಿ ನಡೆಯಲು ಹಿಡಿಯುವ ಸಾಧನಗಳು, ಸ್ಪ್ಲಿಂಟ್, ಮಂಡಿಯ ಬ್ರೇಸ್, ಏರ್ ಬೆಡ್, ನೋಡಿಕೊಳ್ಳುವ ಆಳಿನ ಸಂಬಳ ಎಲ್ಲವೂ ಇವೆ. ಪಾದ ಜೋಲುವವರಿಗೆ ಸ್ಪ್ಲಿಂಟ್, ಸೊಂಟ ಮುರಿದವರಿಗೆ ವಾಕರ್ ಚಿಕಿತ್ಸೆಯೇ ಹೊರತು ಅನುಕೂಲದ ಸಾಮಾನಲ್ಲ. ಪಟ್ಟಿ ಮಾಡಿದವರು ಹಾಗೆ ತಿಳಿಯಲಿಲ್ಲ.

ಇನ್ನೊಂದು ತೊಡಕು, ಮನೆಯ ಬದಲು ಪುನಶ್ಚೇತನ ಕೇಂದ್ರಕ್ಕೆ ಸೇರಿಸುವವರಿಗೆ ಎದುರಾಗುವಂಥದ್ದು. ಕರಾವಳಿಯಲ್ಲೋ ಬೆಂಗಳೂರಿನಲ್ಲೋ ಅಂಥ ಕೇಂದ್ರಗಳಿವೆ. ಮೂರು ವಾರ ಅಲ್ಲೇ ಇಟ್ಟುಕೊಂಡು ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡಿಸುತ್ತವೆ. ವೈದ್ಯಕೀಯವಾಗಿ ಇದು ಬಹಳ ಒಳ್ಳೆಯ ದಾರಿ. ಬ್ರಿಟನ್ನಿನ ನೈಸ್ ಸಂಸ್ಥೆಯ 2023ರ ಮಾರ್ಗಸೂಚಿ ಸ್ಟ್ರೋಕ್ ಆದವರಿಗೆ ವಾರಕ್ಕೆ ಕನಿಷ್ಠ ಐದು ದಿನ, ದಿನಕ್ಕೆ ಕನಿಷ್ಠ ಮೂರು ಗಂಟೆ ಪುನಶ್ಚೇತನ ಬೇಕೆನ್ನುತ್ತದೆ. ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆ ಬಂದುಹೋಗುವ ನಮ್ಮ ಪದ್ಧತಿಗೆ ಇದರ ಹತ್ತಿರ ಸುಳಿಯುವುದೂ ಆಗದು. ಆದರೆ ಬಹುಪಾಲು ಪಾಲಿಸಿಗಳಲ್ಲಿ ‘ಎಕ್ಸ್‌ಕ್ಲೂಷನ್ 05’ ಎಂಬ ಸಿದ್ಧ ಷರತ್ತಿದೆ. ಚಿಕಿತ್ಸೆಗಾಗಿ ಅಲ್ಲದೆ ಮುಖ್ಯವಾಗಿ ವಿಶ್ರಾಂತಿಗೆ ದಾಖಲಾದದ್ದು, ಸ್ನಾನ, ಬಟ್ಟೆ, ಓಡಾಟದಂಥ ನಿತ್ಯದ ಕೆಲಸಗಳಿಗೆ ನೆರವು ಪಡೆದದ್ದು ವಿಮೆಗೆ ಒಳಪಡುವುದಿಲ್ಲ ಎನ್ನುವ ಷರತ್ತು ಅದು. ಅದರ ತಲೆಬರಹದಲ್ಲೇ ಪುನಶ್ಚೇತನ ಎಂಬ ಮಾತು ಸೇರಿಕೊಂಡಿದೆ. ಒಳಗಿನ ವಿವರ ಹೇಳುವುದು ವಿಶ್ರಾಂತಿ ಮತ್ತು ಆರೈಕೆಯ ವಿಷಯವನ್ನು, ಸಕ್ರಿಯ ಚಿಕಿತ್ಸೆಯನ್ನಲ್ಲ. ಹೀಗಾಗಿ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದ ನಿತ್ಯದ ಚಿಕಿತ್ಸೆಯ ದಾಖಲೆ ಇದ್ದರೆ ವಾದಿಸಲು ಎಡೆಯಿದೆ. ಕಂಪನಿ ಒಪ್ಪದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ವಕೀಲರು ಬೇಕಿಲ್ಲ.

ಮೂಳೆ ಮುರಿತಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಕೈಯೂರಿ ಬಿದ್ದ ಹೆಂಗಸಿನ ಮಣಿಕಟ್ಟು ಮುರಿಯುವುದು ಅತಿ ಸಾಮಾನ್ಯ. ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿ ಅಂದೇ ಮನೆಗೆ ಕಳಿಸುತ್ತಾರೆ. ಐದಾರು ವಾರ ಪ್ಲಾಸ್ಟರ್. ದಾಖಲಾಗಲೇ ಇಲ್ಲವಾದ್ದರಿಂದ ‘ಬಿಡುಗಡೆಯ ನಂತರದ ದಿನ’ಗಳೆಂಬುದೇ ಇಲ್ಲ, ವಿಮೆಯ ಗಡಿಯಾರ ಓಡುವುದೇ ಇಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಬೆರಳು ಮಡಚಲು ಬರುವುದಿಲ್ಲ, ಜೋಳಿಗೆಯಲ್ಲಿ ತೂಗುಹಾಕಿಕೊಂಡಿದ್ದ ಭುಜವೂ ಹಿಡಿದುಕೊಂಡಿರುತ್ತದೆ. ಪ್ಲಾಸ್ಟರ್ ಇದ್ದಾಗಲೇ ಮೊದಲ ದಿನದಿಂದ ಬೆರಳುಗಳನ್ನು ಪೂರ್ತಿ ಮಡಚಿ ಬಿಡಿಸುವುದು, ಭುಜವನ್ನು ತಲೆಯ ಮೇಲಕ್ಕೆತ್ತುವುದು ಇವೆರಡನ್ನೇ ಮಾಡಿದ್ದರೆ ಮುಂದಿನ ಅರ್ಧ ಖರ್ಚು ಉಳಿಯುತ್ತಿತ್ತು.

ಸೊಂಟದ ಮುರಿತ ಗಂಭೀರ. ತೊಡೆಮೂಳೆಯ ಮೇಲ್ತುದಿಗೆ ರಾಡು ಕೂರಿಸುವ ಆಪರೇಷನ್ ಯೋಜನೆಗಳಲ್ಲಿ ಸಿಗುತ್ತದೆ. ಈಗಿನ ಪದ್ಧತಿಯಲ್ಲಿ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹಳೇ ಕಾಲದಂತೆ ಆರು ವಾರ ಮಲಗಿಸಿದರೆ ಮುರಿದ ಮೂಳೆಗಿಂತ ಮೊದಲು ಶ್ವಾಸಕೋಶ, ಬೆನ್ನಿನ ಚರ್ಮ ಮತ್ತು ಕಾಲಿನ ರಕ್ತನಾಳಗಳು ತೊಂದರೆ ಕೊಡುತ್ತವೆ. ಹೊಲಿಗೆ ಬಿಚ್ಚುವುದು ಹನ್ನೆರಡು ಹದಿನಾಲ್ಕನೇ ದಿನಕ್ಕೆ. ಬಿಪಿಎಲ್ ಕಾರ್ಡಿನ 15 ದಿನ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ಮೂಳೆ ಕೂಡಿಕೊಳ್ಳಲು ಸುಮಾರು ಮೂರು ತಿಂಗಳು. ಆ ನಡುವೆ ಅಜ್ಜಿ ಬಚ್ಚಲಿನ ಮೆಟ್ಟಿಲಿಗೆ ಹೆದರಿ ಮಂಚ ಬಿಡುವುದನ್ನೇ ನಿಲ್ಲಿಸಿದರೆ ಆಪರೇಷನ್ ಗೆದ್ದೂ ಸೋತಂತೆ.

ಕೊನೆ ತೆಗೆಯುವಾಗಲೋ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗಲೋ ಅಡಿಕೆ ಮರದಿಂದ ಬಿದ್ದವರದು ಇನ್ನೊಂದು ಗುಂಪು. ಇವರು ಹೆಚ್ಚಾಗಿ ದುಡಿಯುವ ವಯಸ್ಸಿನ ಗಂಡಸರು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎಂದು ಹಲವರು ಧೈರ್ಯದಲ್ಲಿರುತ್ತಾರೆ. ಅದು ಸಾವಿಗೆ ಅಥವಾ ಪೂರ್ಣ ಶಾಶ್ವತ ಅಂಗವಿಕಲತೆಗೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಕೆಲಸಕ್ಕೆ ಬಾರದಾದರೆ 1 ಲಕ್ಷ ಕೊಡುವ ಯೋಜನೆ. ಆಸ್ಪತ್ರೆ ಖರ್ಚಿಗೆ ಅದರಲ್ಲಿ ಜಾಗವಿಲ್ಲ. ಮುರಿದ ಕಾಲು ಎಂಟು ತಿಂಗಳಲ್ಲಿ ಸರಿಹೋದರೆ ಒಂದು ರೂಪಾಯಿಯೂ ಇಲ್ಲ. ಕೆಲಸದ ವೇಳೆ ಗಾಯಗೊಂಡವರ ಚಿಕಿತ್ಸೆಗೆ ನಿಜವಾಗಿ ತಗುಲಿದ ಖರ್ಚನ್ನು ಮಾಲೀಕರೇ ಮರಳಿಸಬೇಕೆಂದು ನೌಕರರ ಪರಿಹಾರ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ಬಂತು. ‘ನಿಜವಾದ ಖರ್ಚು’ ಎಂಬ ಈ ಮಾತಿಗೆ ದಿನದ ಗಡಿಯಿಲ್ಲ. ಆದರೆ ಕಾನೂನು ಹೆಸರಿಸಿದ ಕೆಲಸಗಳಿಗಷ್ಟೇ ಅದು ಅನ್ವಯ. ನಾಲ್ಕೆಕರೆ ತೋಟಕ್ಕೆ ದಿನಗೂಲಿಗೆ ಬಂದ ಕೊನೆಗಾರನಿಗೆ ಅದನ್ನು ದಕ್ಕಿಸಿಕೊಡುವುದು ವಾದದ ವಿಷಯ. ಬಹುಪಾಲು ಪ್ರಕರಣಗಳು ಅಲ್ಲಿಗೆ ಹೋಗುವುದೂ ಇಲ್ಲ. ತೋಟದವರು ಆಸ್ಪತ್ರೆಗೆ ಸೇರಿಸಿ ಒಂದಿಷ್ಟು ಕೈಗೆ ಕೊಟ್ಟು, ಮಾತುಕತೆಯಲ್ಲಿ ಮುಗಿಯುತ್ತದೆ.

ರಸ್ತೆ ಅಪಘಾತದಲ್ಲಿ ಮುರಿದ ಮೂಳೆಗೆ ಮಾತ್ರ ಕಾನೂನು ದೂರದವರೆಗೆ ನೋಡುತ್ತದೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸೆ ಯೋಜನೆ ಒಂದೂವರೆ ಲಕ್ಷದವರೆಗೆ, ಅದೂ ಅಪಘಾತವಾದ ದಿನದಿಂದ ಏಳು ದಿನ ಮಾತ್ರ. ಅದರಾಚೆಗೆ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ. ಕಾಜಲ್ ಎಂಬ ಹುಡುಗಿಯ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ನೋಡಿಕೊಳ್ಳುವವರ ಖರ್ಚನ್ನು ವರ್ಷಗಳ ಗುಣಕ ಹಾಕಿ ಲೆಕ್ಕ ಹಿಡಿದು ಕೊಡಿಸಿತು. ಮುಂದಿನ ಚಿಕಿತ್ಸೆಯ ಖರ್ಚನ್ನೂ ಪರಿಹಾರಕ್ಕೆ ಸೇರಿಸಿತು. ಬೈಕಿನಿಂದ ಬಿದ್ದವನಿಗೆ ಮುಂದಿನ ವರ್ಷಗಳ ಚಿಕಿತ್ಸೆಯನ್ನು ಲೆಕ್ಕ ಹಾಕುವ ವ್ಯವಸ್ಥೆ, ಮರದಿಂದ ಬಿದ್ದವನಿಗೆ ಹದಿನೈದು ದಿನ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಎರಡೂ ಒಂದೇ ತೊಡೆಮೂಳೆ.

ಹಣ ಬಾರದಿದ್ದರೇನು, ಮನೆಯವರೇ ಕಲಿತು ಮಾಡಿಸಲಿ ಎಂಬ ಸಲಹೆ ಕೇಳಲು ಚೆನ್ನಾಗಿದೆ. ನಮ್ಮ ದೇಶದಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಅಟೆಂಡ್ ಎಂಬ ಪ್ರಯೋಗದಲ್ಲಿ ಭಾರತದ 14 ಆಸ್ಪತ್ರೆಗಳ 1,250 ಸ್ಟ್ರೋಕ್ ರೋಗಿಗಳಿದ್ದರು. ಅರ್ಧದಷ್ಟು ಕುಟುಂಬಗಳಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಮನೆಯಲ್ಲೂ ಮುಂದುವರಿಸಿದರು. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು: ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಯಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ 47. ತರಬೇತಿ ಪಡೆದ ಕುಟುಂಬಗಳಿಂದ ಹೆಚ್ಚಿನ ವ್ಯತ್ಯಾಸ ಆಗಲಿಲ್ಲ. ಮನೆಯವರ ಶ್ರಮ ವ್ಯರ್ಥ ಎಂದು ಇದರ ಅರ್ಥವಲ್ಲ; ಭುಜ ಎಳೆಯದಿರುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವರಿಂದಲೇ ಆಗಬೇಕು. ಆದರೆ ಫಿಸಿಯೋಥೆರಪಿಸ್ಟ್‌ನ ಜಾಗದಲ್ಲಿ ಅವರನ್ನು ಕೂರಿಸಿ ಸರ್ಕಾರವೋ ವಿಮೆಯೋ ಖರ್ಚು ಉಳಿಸಿಕೊಳ್ಳಲು ಈ ಪ್ರಯೋಗ ಆಧಾರ ಕೊಡುವುದಿಲ್ಲ.

ಸರ್ಕಾರಿ ವ್ಯವಸ್ಥೆ ಕಾಗದದ ಮೇಲೆ ಇಲ್ಲವೆನ್ನುವಂತಿಲ್ಲ. ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಘಟಕ, ಸಮುದಾಯ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಮನೆಮನೆಗೆ ಹೋಗುವ ಪುನಶ್ಚೇತನ ಕಾರ್ಯಕರ್ತ ಎಂಬ ಕಲ್ಪನೆ ಇದೆ. ಜಿಲ್ಲಾ ಕೇಂದ್ರದ ಹೊರರೋಗಿ ವಿಭಾಗಕ್ಕೆ ಹೋಗಿಬಂದರೆ ಖರ್ಚು ಕಡಿಮೆ, ನಿಜ. ಆದರೆ ಮೂರೂ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗ ಅರವತ್ತು ಎಪ್ಪತ್ತು ಕಿಲೋಮೀಟರ್, ಹಳ್ಳಿಗಳಿಂದ ಇನ್ನೂ ದೂರ. ಬಸ್ ಹತ್ತಿಸಲಾಗದ ರೋಗಿಗೆ ಕಾರು ಮಾಡಿದರೆ ಬಾಡಿಗೆಯೇ ಫಿಸಿಯೋದ ಶುಲ್ಕವನ್ನು ನುಂಗುತ್ತದೆ. ಆ ಬಾಡಿಗೆಯನ್ನು ಯಾವ ಪಾಲಿಸಿಯೂ ಕೊಡುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈವರೆಗೆ ಲಾಂಚಿನ ವೇಳೆ ನೋಡಿಕೊಂಡು ಸಾಗರಕ್ಕೆ ಬರಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ಸಾಗರದ ಫಿಸಿಯೋಥೆರಪಿಸ್ಟ್ ಒಬ್ಬರು ಬೈಕಿನಲ್ಲಿ ಹೋಗಿ ಬರಬಹುದಾದ ಸ್ಥಿತಿ ಬಂದಿದೆ. ದಾರಿ ಆಯಿತು, ಹೋದವರಿಗೆ ಹಣ ಕೊಡುವವರು ಬೇಕು.

ಇಂಥ ಖರ್ಚನ್ನು ಕೊಡಲಾಗದು ಎಂದೇನಿಲ್ಲ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್‌ನಲ್ಲಿ ಸ್ಟ್ರೋಕ್ ಆದವರಿಗೆ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲೇ ಆರು ವಾರದವರೆಗೆ, ಕೀಲು ಬದಲಿಸಿಕೊಂಡವರಿಗೆ ಎರಡು ವಾರ ಫಿಸಿಯೋಥೆರಪಿಗೆ ಅವಕಾಶವಿದೆ. ಥಾಯ್ಲೆಂಡ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಸ್ಟ್ರೋಕ್, ತಲೆ ಮತ್ತು ಬೆನ್ನುಹುರಿಯ ಗಾಯ ಆದವರಿಗೆ, ಆಮೇಲೆ ಸೊಂಟ ಮುರಿದವರಿಗೂ, ಆರು ತಿಂಗಳವರೆಗಿನ ‘ನಡುಹಂತದ ಆರೈಕೆ’ಯನ್ನು ಸಾರ್ವಜನಿಕ ಯೋಜನೆಯೊಳಗೆ ತಂದರು. ಯಾರಿಗೆ ಬೇಕೆಂದು ನಿರ್ಧರಿಸಲು ಬಾರ್ತೆಲ್ ಅಂಕ ಬಳಸುತ್ತಾರೆ. ಊಟ, ಸ್ನಾನ, ಶೌಚ, ಹಾಸಿಗೆಯಿಂದ ಕುರ್ಚಿಗೆ, ಮೆಟ್ಟಿಲು ಹತ್ತುವುದು ಹೀಗೆ ಹತ್ತು ಕೆಲಸಗಳಿಗೆ ಅಂಕ ಕೊಡುವ ಸರಳ ಪಟ್ಟಿ ಅದು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಹೊಸ ತತ್ವವನ್ನೇನೂ ಹುಡುಕಬೇಕಿಲ್ಲ. ಕಿಡ್ನಿ ಹೋದವರ ಡಯಾಲಿಸಿಸ್‌ಗೆ ಇದೇ ಬಿಪಿಎಲ್ ಕಾರ್ಡಿನಲ್ಲಿ ಒಂದೊಂದು ಸಲಕ್ಕೂ ಆಸ್ಪತ್ರೆಗೆ ದರ ಸಿಗುತ್ತದೆ. ರಾತ್ರಿ ಮಲಗಬೇಕೆಂಬ ಕಟ್ಟುಪಾಡಿಲ್ಲ. ಸ್ಟ್ರೋಕ್ ಆದವರ ಮನೆಯ ಫಿಸಿಯೋಗೆ ಹಾಗೆ ಸಲದ ಲೆಕ್ಕದಲ್ಲಿ ಕೊಡುವ ದಾರಿ ಇಲ್ಲ. ಕೊಡಬಹುದು ಎಂದುಕೊಂಡರೂ ಒಂದು ನಿಜವಾದ ತೊಡಕು ಉಳಿಯುತ್ತದೆ. ಡಯಾಲಿಸಿಸ್ ಯಂತ್ರ ತಾನೇ ದಾಖಲೆ ಇಡುತ್ತದೆ. ಸಂಕ ದಾಟಿ ಹೋಗಿ ಒಂಟಿಮನೆಯಲ್ಲಿ ಮಾಡಿಸಿದ ವ್ಯಾಯಾಮಕ್ಕೆ ರೋಗಿಯ ಸಹಿ ಬಿಟ್ಟರೆ ಸಾಕ್ಷಿಯಿಲ್ಲ. ಸುಳ್ಳು ಭೇಟಿಗಳ ಬಿಲ್ಲಿಗೆ ಟ್ರಸ್ಟು ಹೆದರುವುದು ಸಕಾರಣವೇ. ಆಸ್ಪತ್ರೆ ಬಿಡುವ ದಿನ ಒಂದು ಬಾರ್ತೆಲ್ ಅಂಕ, ಆರನೇ ವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಬೇರೆಯವರು ಹಾಕಿದ ಇನ್ನೊಂದು ಅಂಕ, ನಡುವೆ ಆಶಾ ಕಾರ್ಯಕರ್ತೆಯ ಒಂದೆರಡು ತಪಾಸಣೆ ಇಟ್ಟುಕೊಂಡರೆ ಬಹುಪಾಲು ಸುಳ್ಳು ಹೊರಬೀಳುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಒಂದು ವರ್ಷ ಹಾಗೆ ನಡೆಸಿ ನೋಡಲು ಬೇಕಾದ ಹಣ, ಮೇಲಿನ ಲೆಕ್ಕದಂತೆ, ಒಬ್ಬ ರೋಗಿಗೆ ಆರು ತಿಂಗಳಿಗೆ 28,000 ರೂಪಾಯಿ.